ಆರು ವರ್ಷದ ಮಾವಿಗೆ ಕಾಯಿ ಯಾಕಿಲ್ಲ: ಗುಂಡಿ ತಪ್ಪೋ, ಅಂತರ ತಪ್ಪೋ ಕಂಡುಹಿಡಿಯುವ ಬಗೆ

ಕೊಪ್ಪಳ ಸೀಮೆಯ ಕೆಂಪು ಮಣ್ಣಿನ ಮಸಾರಿ ಹೊಲಗಳಲ್ಲಿ ಕೇಸರ್ ಮಾವು ಹಾಕಿದವರು ಬಹಳ ಜನ ಇದ್ದಾರೆ. ಐದಾರು ವರ್ಷ ಆದ ಮೇಲೆ ಅವರಲ್ಲಿ ಹಲವರ ಬಾಯಲ್ಲಿ ಬರುವ ಮಾತು ಒಂದೇ: "ಗಿಡ ಅದಾವು, ಕಾಯಿ ಇಲ್ಲ." ಆಗ ಎಲ್ಲರೂ ಮೊದಲು ನೀರಿನ ಮೇಲೆ ಅನುಮಾನ ಪಡುತ್ತಾರೆ, ಆಮೇಲೆ ಗೊಬ್ಬರದ ಮೇಲೆ, ಕೊನೆಗೆ ಸಸಿ ಕೊಟ್ಟ ನರ್ಸರಿಯ ಮೇಲೆ. ಆದರೆ ನೆಟ್ಟ ದಿನವೇ ಆದ ಎರಡು ತಪ್ಪುಗಳನ್ನು ಹುಡುಕಿ ನೋಡುವವರು ಕಡಿಮೆ. ಒಂದು, ಗುಂಡಿ ಆ ನೆಲಕ್ಕೆ ಸಾಲದ್ದು. ಇನ್ನೊಂದು, ಗಿಡದಿಂದ ಗಿಡಕ್ಕೆ ಬಿಟ್ಟ ಜಾಗ ಬೆಳೆದ ಮರಕ್ಕೆ ಸಾಲದ್ದು.

ಎರಡೂ ತಪ್ಪು ಹೊರಗಿನಿಂದ ಒಂದೇ ಥರ ಕಾಣುತ್ತವೆ, ಆದರೆ ಮದ್ದು ಬೇರೆ ಬೇರೆ. ಅಂತರದ ತಪ್ಪಿಗೆ ಟೊಂಗೆ ಕತ್ತರಿಸಬೇಕು, ಇಲ್ಲವೇ ಗಿಡ ತೆಗೆಯಬೇಕು. ಗುಂಡಿಯ ತಪ್ಪಿಗೆ ನೆಲ ಒಡೆಯಬೇಕು. ಗುಂಡಿಯ ತಪ್ಪಿರುವ ಕಡೆ ಗಿಡ ಕಡಿದರೆ ಕಡಿದ ಗಿಡವೂ ಹೋಯಿತು, ಉಳಿದದ್ದೂ ಸುಧಾರಿಸುವುದಿಲ್ಲ. ಹಾಗಾಗಿ ಕೊಡಲಿ ಎತ್ತುವ ಮೊದಲು ಗುದ್ದಲಿ ಹಿಡಿಯಬೇಕು.

ಮೊದಲ ಸುಳಿವು: ಗಿಡದ ಬೆಳವಣಿಗೆ ಯಾವಾಗ ನಿಂತಿತು?

ಮಾಲೀಕರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು. ಗುಂಡಿಯ ತಪ್ಪು ಬೇಗ ಕಾಣುತ್ತದೆ. ಸಸಿ ಮೊದಲ ವರ್ಷ ಚೆನ್ನಾಗಿ ಚಿಗುರುತ್ತದೆ, ಯಾಕೆಂದರೆ ಗುಂಡಿಯೊಳಗೆ ಗೊಬ್ಬರ ಬೆರೆಸಿದ ಸಡಿಲ ಮಣ್ಣಿದೆ. ಬೇರು ಗುಂಡಿಯ ಗೋಡೆ ಮುಟ್ಟಿದ ಮೇಲೆ, ಅಂದರೆ ಎರಡನೇ ವರ್ಷದಿಂದ ನಾಲ್ಕನೇ ವರ್ಷದೊಳಗೆ, ಚಿಗುರು ಗಿಡ್ಡವಾಗುತ್ತದೆ. ಎಲೆ ಸಣ್ಣದಾಗುತ್ತದೆ. ಅಲ್ಲಿಂದ ಮುಂದೆ ಗಿಡ ಸಾಯುವುದೂ ಇಲ್ಲ, ಬೆಳೆಯುವುದೂ ಇಲ್ಲ.

ಅಂತರದ ತಪ್ಪು ಇದಕ್ಕೆ ಉಲ್ಟಾ. ಗಿಡ ಐದಾರು ವರ್ಷ ಜೋರಾಗಿ ಬೆಳೆಯುತ್ತದೆ, ಒಂದೆರಡು ಒಳ್ಳೆಯ ಫಸಲನ್ನೂ ಕೊಡುತ್ತದೆ. ಆಮೇಲೆ ಕಾಯಿ ಮೇಲಕ್ಕೆ ಹೋಗುತ್ತದೆ. ಕೆಳಗಿನ ಟೊಂಗೆ ಒಣಗಿ ಬೋಳಾಗುತ್ತದೆ. "ಮೊದ್ಲು ಬರ್ತಿತ್ತು, ಈಗ ಬರ್ತಿಲ್ಲ" ಅಂದರೆ ಅಂತರದ ಕಡೆ ನೋಡಿ. "ಮೊದಲಿಂದ್ಲೂ ಹಿಂಗೇ" ಅಂದರೆ ಗುಂಡಿಯ ಕಡೆ ನೋಡಿ.

ಇದು ಸುಳಿವು ಮಾತ್ರ. ಒಂದೇ ಹೊಲದಲ್ಲಿ ಎರಡೂ ತಪ್ಪು ಇರಬಹುದು. ಕೆಳಗೆ ಹೇಳುವ ಹೊಲದಲ್ಲಿ ಇದ್ದದ್ದು ಅದೇ.

ಒಂದು ಹೊಲ, ಎರಡು ರೋಗ

ಕನಕಗಿರಿ ಕಡೆಯ ಎರಡು ಎಕರೆ ತೋಟ. ಸ್ವಲ್ಪ ಇಳಿಜಾರು. ಕೇಸರ್ ಕಸಿ ಗಿಡಗಳು, 15 ಅಡಿಗೆ 15 ಅಡಿ. ಗುಂಡಿಗಳನ್ನು ಟ್ರ್ಯಾಕ್ಟರಿಗೆ ಕಟ್ಟುವ ಕೊರೆಯುವ ಯಂತ್ರದಿಂದ ಹೊಡೆಸಿದ್ದರು. ಅಗಲ ಒಂದೂವರೆ ಅಡಿ, ಆಳವೂ ಅಷ್ಟೇ. ಡ್ರಿಪ್ ಇದೆ, ಬೋರ್ ಸುಮಾರಾಗಿದೆ. ಗಿಡಕ್ಕೆ ಆರು ವರ್ಷ.

"ನೀರ ಸಾಲ್ತಿಲ್ಲ ಅನಸ್ತೈತಿ ತಮ್ಮಾ, ಇನ್ನೊಂದ್ ಬೋರ್ ಹಾಕಸ್ಬೇಕಂತ ಮಾಡೀನಿ" ಅಂದರು ಮಾಲೀಕರು.

"ಬೋರಿಗೆ ರೊಕ್ಕ ಹಾಕೂದಕ್ಕಿಂತ ಮೊದ್ಲ ಇಲ್ಲಿ ಎರಡ್ ತಗ್ಗ ತೆಗೆದು ನೋಡೂಣ್ರೀ ಕಾಕಾ" ಅಂದೆ.

ತಗ್ಗು ತೆಗೆಯುವ ಮೊದಲು ಟೇಪು ಹಿಡಿದು ಹಂದರ ಅಳೆದೆವು. ಹಂದರ ಅಂದರೆ ಮರದ ಕೊಂಬೆ ಹರಡಿದ ಅಗಲ. ಅಳೆಯುವುದು ಸುಲಭ. ಟೊಂಗೆಯ ತುದಿಯ ಕೆಳಗೆ ನಿಂತು ನೇರ ಮೇಲೆ ನೋಡಿ, ಅಲ್ಲಿ ಗೂಟ ಹೊಡೆಯಬೇಕು. ಎದುರು ಬದಿಗೂ ಒಂದು ಗೂಟ. ತೆಂಕಣ-ಬಡಗಣ ಒಮ್ಮೆ, ಮೂಡಣ-ಪಡುವಣ ಒಮ್ಮೆ ಅಳೆದು ಸರಾಸರಿ ತೆಗೆಯಬೇಕು. ಒಂದೇ ಕಡೆ ಅಳೆದರೆ ಮೋಸವಾಗುತ್ತದೆ, ಯಾಕೆಂದರೆ ಬೆಳಕು ಸಿಕ್ಕ ಕಡೆ ಗಿಡ ಜಾಸ್ತಿ ಚಾಚಿಕೊಂಡಿರುತ್ತದೆ.

ಇಳಿಜಾರಿನ ಮೇಲ್ಭಾಗದ ಗಿಡಗಳ ಹಂದರ ಸುಮಾರು 7 ಅಡಿ. ಕೆಳಭಾಗದಲ್ಲಿ 15 ಅಡಿ, ಒಂದರ ಟೊಂಗೆ ಇನ್ನೊಂದರೊಳಗೆ ಹೊಕ್ಕಿದೆ. ಗಿಡ ಅದೇ, ವಯಸ್ಸು ಅದೇ, ನೀರೂ ಗೊಬ್ಬರವೂ ಅದೇ. ಎರಡೂ ಕಡೆ ಹೇಳಿಕೊಳ್ಳುವಂಥ ಕಾಯಿ ಇಲ್ಲ. ಮೇಲಿನ ಗಿಡಗಳ ನಡುವೆ ಎಂಟು ಅಡಿ ಬಯಲು ಬಿದ್ದಿದೆ. ಅಲ್ಲಿ "ಗಿಡ ಒತ್ತಾಗಿವೆ" ಅನ್ನಲು ಬರುವುದಿಲ್ಲ, ಅಲ್ವಾ?

ಮೇಲ್ಭಾಗ: ಗೋಡೆಗೆ ತಿರುಗಿದ ಬೇರು

ಮೇಲ್ಭಾಗದ ಒಂದು ಗಿಡದ ಬುಡದಿಂದ ಹೊರಕ್ಕೆ ಮೂರು ಅಡಿ ಉದ್ದದ ಸಣ್ಣ ಕಾಲುವೆ ತೋಡಿದೆವು. ಅಗಲ ಒಂದು ಗುದ್ದಲಿಯಷ್ಟು. ಬುಡದ ಹತ್ತಿರ ಕುರ್ಪಿಯಿಂದ ನಿಧಾನಕ್ಕೆ ಕೆದಕಿದೆವು. ಹಳೇ ಗುಂಡಿಯ ಅಂಚು ಎಲ್ಲಿದೆ ಅಂತ ಹುಡುಕಬೇಕಾಗಲೇ ಇಲ್ಲ. ಬುಡದಿಂದ ಒಂದು ಗೇಣು ದೂರದಲ್ಲಿ ಕಪ್ಪಗಿನ ಮೆತ್ತನೆ ಮಣ್ಣು ಮುಗಿದು, ಕೆಂಪು ಗಟ್ಟಿ ನೆಲ ಸುತ್ತು ಹೊಡೆದಂತೆ ನಿಂತಿತ್ತು. ಆ ಗೋಡೆಯನ್ನು ಬೆರಳಿನಿಂದ ಮುಟ್ಟಿದರೆ ನುಣುಪು. ಹೆಬ್ಬೆರಳು ದಪ್ಪದ ಬೇರು ನೇರ ಬಂದು, ಗೋಡೆ ಮುಟ್ಟಿ, ಅದರ ಗುಂಟ ತಿರುಗಿ ಹೋಗಿತ್ತು. ಒಂದೂವರೆ ಅಡಿ ಕೆಳಗೆ ಹಾರೆ ಹಾಕಿದರೆ ಟಣ್ ಅಂದಿತು. ಅದು ಗರಸು, ಅಂದರೆ ಕಲ್ಲುಚೂರು ಬೆರೆತ ಗಟ್ಟಿ ಪದರ. ಹೊರಗೆ ಹೋಗಿದ್ದ ಬೇರುಗಳೆಲ್ಲ ಮೇಲಿನ ಏಳೆಂಟು ಇಂಚಿನಲ್ಲಿದ್ದವು. ಬೇಸಿಗೆಯಲ್ಲಿ ಕಾದ ಹಂಚಾಗುವ ಪದರ ಅದು.

ಗೋಡೆ ನುಣುಪಾಗಲು ಕಾರಣ ಆ ಯಂತ್ರ. ಮಳೆ ಬಿದ್ದ ಮೇಲೆ, ಮಣ್ಣು ಹಸಿ ಇರುವಾಗ ಕೊರೆದರೆ ತಿರುಪು ತಿರುಗುತ್ತಾ ಗೋಡೆಯನ್ನು ಸವರಿ ಮೆತ್ತುತ್ತದೆ. ಒಣಗಿದ ಮೇಲೆ ಅದು ಗಟ್ಟಿ ಪೊರೆಯಾಗುತ್ತದೆ. ಕೈಯಿಂದ ತೆಗೆದ ಗುಂಡಿಯಲ್ಲಿ ಹಾರೆಯ ಗೆರೆ, ಬಿರುಕು, ಉಬ್ಬುತಗ್ಗು ಇರುತ್ತವೆ. ಎಳೆ ಬೇರಿಗೆ ಅವೇ ದಾರಿ. ಯಂತ್ರದ ಗುಂಡಿ ಬೇಡವೇ ಬೇಡ ಅಂತಲ್ಲ. ಹೊಡೆಸಿದ ಮೇಲೆ ಹಾರೆಯಿಂದ ಗೋಡೆಯನ್ನು ನಾಲ್ಕೂ ಕಡೆ ಕುಟ್ಟಿ ಒಡೆಯಬೇಕು. ಗುಂಡಿಗೆ ಐದು ನಿಮಿಷದ ಕೆಲಸ. ಅದನ್ನು ಬಿಟ್ಟದ್ದಕ್ಕೆ ಆರು ವರ್ಷ ಹೋಯಿತು.

ಇನ್ನು ಅಳತೆಯ ಮಾತು. ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳದ ದುಂಡು ಗುಂಡಿಯಲ್ಲಿ ಹಿಡಿಯುವ ಮಣ್ಣು ಮೂರು ಘನ ಅಡಿಯೂ ಆಗುವುದಿಲ್ಲ. ಹಿಂದಿನಿಂದ ಮಾವಿಗೆ ಹೇಳುತ್ತಾ ಬಂದಿರುವ ಮೂರು ಅಡಿ ಉದ್ದ, ಅಗಲ, ಆಳದ ಗುಂಡಿಯಲ್ಲಿ 27 ಘನ ಅಡಿ ಹಿಡಿಯುತ್ತದೆ. ಹತ್ತು ಪಟ್ಟಿನ ವ್ಯತ್ಯಾಸ. ಮಣ್ಣು ಆಳವಾಗಿ ಮೆತ್ತಗಿರುವ ಕಡೆ ಈ ವ್ಯತ್ಯಾಸದಿಂದ ಏನೂ ಆಗುವುದಿಲ್ಲ, ಬೇರು ಸುಮ್ನೆ ಗೋಡೆ ದಾಟಿ ಹೋಗುತ್ತದೆ. ಗರಸಿನಲ್ಲಿ ಮಾತ್ರ ಅದು ಗಿಡದ ಹಣೆಬರಹವನ್ನೇ ಬರೆಯುತ್ತದೆ. ಇದೇ ತೋಟದ ಕೆಳಭಾಗದಲ್ಲೂ ಅದೇ ಯಂತ್ರದ, ಅದೇ ಅಳತೆಯ ಗುಂಡಿಗಳೇ ಇದ್ದವು. ಅಲ್ಲಿ ಇಳಿಜಾರಿನಿಂದ ಹರಿದು ಬಂದು ಕೂತ ಮೂರ್ನಾಲ್ಕು ಅಡಿ ಮಣ್ಣಿತ್ತು. ಗಿಡಗಳು ಗುಂಡಿಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಬೆಳೆದಿದ್ದವು.

ಇಲ್ಲಿ ಒಂದು ತಪ್ಪು ತಿಳುವಳಿಕೆ ಬಿಡಿಸಬೇಕು. ಬೆಳೆದ ಮರದ ಬೇರು ಹಿಡಿಸುವಷ್ಟು ದೊಡ್ಡ ಗುಂಡಿ ಬೇಕು ಅಂತ ಕೆಲವರು ಅಂದುಕೊಳ್ಳುತ್ತಾರೆ. ಅಂಥ ಗುಂಡಿ ಯಾರೂ ತೆಗೆಯಲಾರರು. ಮರದ ಬೇರು ಹಂದರದ ಅಂಚನ್ನೂ ದಾಟಿ ಹೋಗುತ್ತದೆ, ಒಣ ಸೀಮೆಯಲ್ಲಿ ಇನ್ನೂ ದೂರ ಹೋಗುತ್ತದೆ. ನೀರು ಹೀರುವ ಸಣ್ಣ ಬೇರುಗಳಲ್ಲಿ ಬಹುಪಾಲು ಮೇಲಿನ ಎರಡು ಅಡಿಯಲ್ಲೇ ಇರುತ್ತವೆ. ಗುಂಡಿಯ ಕೆಲಸ ಎರಡೇ. ಮೊದಲ ಎರಡು ವರ್ಷ ಎಳೆ ಬೇರಿಗೆ ಮೆತ್ತನೆ ಮಣ್ಣು ಕೊಡುವುದು, ಆಮೇಲೆ ಅದು ಆಚೆ ಹೋಗಲು ಗಟ್ಟಿ ಪದರದಲ್ಲಿ ಬಾಗಿಲು ತೆರೆಯುವುದು. ಹಾಗಾಗಿ ಗುಂಡಿಯ ಅಳತೆಯನ್ನು ನೆಲ ನೋಡಿ ತೀರ್ಮಾನಿಸಬೇಕು, ಗಿಡಗಳ ಅಂತರವನ್ನು ಮರ ನೋಡಿ.

ಕೆಳಭಾಗ: ಬೆಳಕಿಲ್ಲದ ಒಡಲು

ಕೆಳಭಾಗದಲ್ಲಿ ಅಗೆಯುವ ಮೊದಲು ಎರಡು ಪರೀಕ್ಷೆ ಮಾಡಿದೆವು. ಎರಡಕ್ಕೂ ಖರ್ಚಿಲ್ಲ.

ಒಂದು, ಬೆಳಕಿನ ಪರೀಕ್ಷೆ. ಮೋಡವಿಲ್ಲದ ಮಧ್ಯಾಹ್ನ 12 ಗಂಟೆಗೆ ಗಿಡದ ಕೆಳಗೆ ಬಿಳಿ ಪಂಚೆ ಹಾಸಬೇಕು. ಅದರ ಮೇಲೆ ಬಿಸಿಲಿನ ಚುಕ್ಕೆಗಳು ಎಷ್ಟು ಬೀಳುತ್ತವೆ ನೋಡಬೇಕು. ಪಂಚೆಯ ಐದನೇ ಒಂದು ಪಾಲಿನಷ್ಟಾದರೂ ಬಿಸಿಲು ಬಿದ್ದರೆ ಒಳಗಿನ ಟೊಂಗೆಗಳು ಜೀವಂತ ಇರುತ್ತವೆ ಅನ್ನುವುದು ನನ್ನ ಲೆಕ್ಕ. ಅಲ್ಲಿ ಬಿದ್ದದ್ದು ಅಲ್ಲೊಂದು ಇಲ್ಲೊಂದು ಚುಕ್ಕೆ. ತಲೆ ಎತ್ತಿ ನೋಡಿದರೆ ಒಳಗೆಲ್ಲ ಬರೀ ಒಣ ಕಡ್ಡಿ. ಹಸಿರು ಇದ್ದದ್ದು ಕೊಡೆಯ ಬಟ್ಟೆಯಂತೆ ಮೇಲಿನ ಪದರದಲ್ಲಿ ಮಾತ್ರ. ಕಾಯಿಯೂ ಅಲ್ಲೇ, ಕೊಯ್ಯಲು ಸಿಗದ ಎತ್ತರದಲ್ಲಿ.

ಎರಡನೆಯದು ಇನ್ನೂ ಹೆಚ್ಚು ನಂಬಬಹುದಾದ ಪರೀಕ್ಷೆ. ಎಲ್ಲಾದರೂ ಒಂದು ಗಿಡ ಸತ್ತು ಜಾಗ ಖಾಲಿ ಬಿದ್ದಿದ್ದರೆ ಅದರ ಪಕ್ಕದ ಗಿಡ ನೋಡಿ. ಕಾಲುದಾರಿಯ ಬದಿಯ ಸಾಲು ನೋಡಿ. ಬಯಲು ಕಡೆಗಿನ ಟೊಂಗೆಗಳು ನೆಲದವರೆಗೂ ಎಲೆ ಹಿಡಿದು, ಆ ಕಡೆ ಮಾತ್ರ ಕಾಯಿ ಕಚ್ಚಿದ್ದರೆ ತಪ್ಪು ಅಂತರದ್ದು. ಅಂಚಿನ ಗಿಡವೂ ಒಳಗಿನ ಗಿಡದಷ್ಟೇ ಸೊರಗಿದ್ದರೆ ಅಂತರದ ಮೇಲೆ ಗೂಬೆ ಕೂರಿಸಬೇಡಿ. ನೆಲ ಅಗೆದು ನೋಡಿ. ಈ ತೋಟದ ಕೆಳಭಾಗದಲ್ಲಿ ದಾರಿ ಬದಿಯ ಸಾಲು ಎದೆ ಎತ್ತರದಲ್ಲೇ ಕಾಯಿ ಬಿಟ್ಟಿತ್ತು. ಮೇಲ್ಭಾಗದಲ್ಲಿ ಅಂಚಿನ ಸಾಲೂ ಹಾಗೇ ಸೊರಗಿತ್ತು. ಇಷ್ಟಕ್ಕೇ ಎರಡೂ ಬೇರೆ ರೋಗ ಅಂತ ಗೊತ್ತಾಯಿತು. ತೋಡಿದ ಕಾಲುವೆ ಅದನ್ನು ಖಾತ್ರಿ ಮಾಡಿತು ಅಷ್ಟೇ.

ಮೂರನೇ ಸಾಧ್ಯತೆಯೂ ಒಂದಿದೆ. ಹಂದರಗಳು ಮುಟ್ಟಿಲ್ಲ, ಗುಂಡಿಯೂ ಚೆನ್ನಾಗಿದೆ, ಆದರೂ ಖಾಲಿ ಜಾಗದ ಪಕ್ಕದ ಗಿಡ ಮಾತ್ರ ದಪ್ಪಗಿದೆ. ಇದು ಡ್ರಿಪ್ ಇಲ್ಲದ, ಮಳೆ ನಂಬಿದ ಹೊಲದಲ್ಲಿ ಕಾಣುತ್ತದೆ. ಮೇಲೆ ಟೊಂಗೆ ಮುಟ್ಟುವ ಮೊದಲೇ ಕೆಳಗೆ ಬೇರುಗಳು ಒಂದರ ಜಾಗಕ್ಕೆ ಇನ್ನೊಂದು ನುಗ್ಗಿ ನೀರಿಗೆ ಜಗಳ ಆಡುತ್ತಿರುತ್ತವೆ. ಎರಡು ಸಾಲಿನ ನಟ್ಟನಡುವೆ ಒಂದು ಅಡಿ ಅಗೆಯಿರಿ. ಎರಡೂ ಕಡೆಯಿಂದ ಬಂದ ಸಣ್ಣ ಬೇರುಗಳು ಅಲ್ಲಿ ಹೆಣೆದುಕೊಂಡಿದ್ದರೆ ಅದು ಬೇರಿನ ಒತ್ತು.

ಕೆಳಭಾಗಕ್ಕೆ ಮದ್ದು

15 ಅಡಿಗೆ 15 ಅಡಿ ಅಂದರೆ ಒಂದು ಗಿಡಕ್ಕೆ 225 ಚದರ ಅಡಿ. ಎಕರೆಗೆ 43,560 ಚದರ ಅಡಿ ಇರುವುದರಿಂದ ಸುಮಾರು 193 ಗಿಡ. ಈ ಅಂತರ ತಪ್ಪು ಅಂತ ನಾನು ಹೇಳುವುದಿಲ್ಲ. ಒತ್ತಾಗಿ ನೆಡುವ ಪದ್ಧತಿಯೇ ಇದೆ. ಆದರೆ ಅದು ಪ್ರತಿ ವರ್ಷ ಕತ್ತರಿ ಹಿಡಿಯುವವರ ಪದ್ಧತಿ. ಒತ್ತಾಗಿ ನೆಟ್ಟು ಕತ್ತರಿ ಹಿಡಿಯದೆ ಬಿಟ್ಟರೆ, ಆಳ ಮಣ್ಣಿನಲ್ಲಿ ಮಾವು 25 ಅಡಿ ಅಗಲವನ್ನೂ ದಾಟುತ್ತದೆ.

ಮಾಲೀಕರ ಮುಂದೆ ಎರಡು ದಾರಿ ಇದ್ದವು. ಒಂದು, ಎಲ್ಲಾ ಗಿಡ ಇಟ್ಟುಕೊಂಡು ಹಂದರವನ್ನು 12 ಅಡಿಗೆ, ಎತ್ತರವನ್ನೂ ಸುಮಾರು ಅಷ್ಟಕ್ಕೇ ತಂದು ಪ್ರತಿ ವರ್ಷ ಅಲ್ಲೇ ಹಿಡಿದಿಡುವುದು. ಕೊಯ್ಲು ಮುಗಿದ ಕೂಡಲೇ ಕತ್ತರಿಸಬೇಕು. ನಮ್ಮಲ್ಲಿ ಮೇ ಹೊತ್ತಿಗೆ ಕೊಯ್ಲು ಮುಗಿಯುವುದರಿಂದ ಜೂನ್ ಒಳ್ಳೆಯದು, ಜುಲೈ ದಾಟಿಸಬಾರದು. ತಡವಾದರೆ ಹೊಸ ಚಿಗುರು ಬಲಿಯಲು ಸಮಯ ಸಿಗುವುದಿಲ್ಲ, ಆ ಟೊಂಗೆ ಮುಂದಿನ ಸಲ ಹೂ ಬಿಡುವುದಿಲ್ಲ. ಮೊದಲು ನಡುವಿನ ನೇರ ಟೊಂಗೆ ತೆಗೆದು ಒಡಲಿಗೆ ಬೆಳಕು ಬಿಡಬೇಕು, ಆಮೇಲೆ ಅಂಚು. ದಪ್ಪ ಗಾಯಗಳಿಗೆ ಸುಣ್ಣ, ಮೈಲುತುತ್ತ ಬೆರೆಸಿದ ಬೋರ್ಡೋ ಮುಲಾಮು ಹಚ್ಚಬೇಕು.

ಎರಡನೇ ದಾರಿ, ಗಿಡ ಕಡಿಮೆ ಮಾಡುವುದು. ಚದುರಂಗದ ಮನೆಯಂತೆ ಒಂದು ಬಿಟ್ಟು ಒಂದು ತೆಗೆದರೆ ಉಳಿದ ಗಿಡಗಳ ನಡುವೆ ಮೂಲೆಯಿಂದ ಮೂಲೆಗೆ 21 ಅಡಿ ಆಗುತ್ತದೆ. ಒಂದು ಸಾಲು ಬಿಟ್ಟು ಒಂದು ಸಾಲು ತೆಗೆದರೆ 30 ಅಡಿಗೆ 15 ಅಡಿ ಆಗುತ್ತದೆ. ಎರಡರಲ್ಲೂ ಎಕರೆಗೆ ಉಳಿಯುವುದು ಸುಮಾರು 97 ಗಿಡ. ಲೆಕ್ಕ ಒಂದೇ ಆದರೂ ನಾನು ಮೊದಲನೆಯದನ್ನೇ ಹೇಳುತ್ತೇನೆ. ಸಾಲು ತೆಗೆದಾಗ ಗಿಡಕ್ಕೆ ಎರಡು ಕಡೆ ಮಾತ್ರ ಬೆಳಕು ಬರುತ್ತದೆ, ಇನ್ನೆರಡು ಕಡೆ ಮುಟ್ಟಿಕೊಂಡೇ ಇರುತ್ತದೆ. ಮೂಲೆ ಲೆಕ್ಕದಲ್ಲಿ ತೆಗೆದರೆ ನಾಲ್ಕೂ ಕಡೆ ಬಯಲಾಗುತ್ತದೆ.

ಕಾಕಾಗೆ ಬೆಳೆದ ಗಿಡ ಕಡಿಯಲು ಮನಸ್ಸು ಬರಲಿಲ್ಲ. ಯಾರಿಗೆ ತಾನೇ ಬರುತ್ತದೆ? ಅದಕ್ಕೆ ನಡುವಿನ ದಾರಿ ಹಿಡಿದೆವು. ತೆಗೆಯಬೇಕಾದ ಗಿಡಗಳಿಗೆ ಸುಣ್ಣದ ಪಟ್ಟಿ ಬಳಿದೆವು. ಅವನ್ನು ಕಡಿಯದೆ, ಉಳಿಯುವ ಗಿಡಕ್ಕೆ ಮುಟ್ಟುವ ಟೊಂಗೆಗಳನ್ನೆಲ್ಲ ಜೋರಾಗಿ ಕತ್ತರಿಸುತ್ತಾ ಹೋಗುವುದು, ಅವು ಕೊಟ್ಟಷ್ಟು ದಿನ ಕಾಯಿ ತೆಗೆದುಕೊಳ್ಳುವುದು, ಕೊಡುವುದು ನಿಂತಾಗ ತೆಗೆಯುವುದು. ಪಟ್ಟಿ ಇಲ್ಲದ ಗಿಡಕ್ಕೆ ಹಗುರ ಕತ್ತರಿ ಮಾತ್ರ.

ಮೇಲ್ಭಾಗಕ್ಕೆ ಮದ್ದು

ಆರು ವರ್ಷದ ಗಿಡದ ಕೆಳಗೆ ಹೊಸ ಗುಂಡಿ ತೆಗೆಯಲಾಗುವುದಿಲ್ಲ. ಆದರೆ ಬೇರಿಗೆ ದಾರಿ ಕೊಡಬಹುದು. ಬುಡದಿಂದ ಹೊರಕ್ಕೆ, ಚಕ್ಕಡಿ ಗಾಲಿಯ ಕಡ್ಡಿಗಳು ಹೋಗುವ ದಿಕ್ಕಿನಲ್ಲಿ, ಕಾಲುವೆ ತೋಡಬೇಕು. ಬುಡದಿಂದ ಒಂದೂವರೆ ಅಡಿ ಬಿಟ್ಟು ಶುರು ಮಾಡಿ ಐದು ಅಡಿ ಉದ್ದ, ಒಂದು ಅಡಿ ಅಗಲ, ಎರಡೂವರೆ ಅಡಿ ಆಳ. ಶುರುವಿನ ಜಾಗದಿಂದ ಹಳೇ ಗುಂಡಿಯ ಗೋಡೆಯವರೆಗೆ ಹಾರೆಯಿಂದ ಚುಚ್ಚಿ ಸಡಿಲ ಮಾಡಬೇಕು. ಗಿಡದ ಸುತ್ತ ಉಂಗುರದಂತೆ ತೋಡಿದರೆ ಹೊರಗೆ ಹೋದ ಬೇರೆಲ್ಲ ಕಡಿದು ಹೋಗುತ್ತದೆ. ಹೊರಮುಖವಾಗಿ ತೋಡಿದರೆ ಬೇರಿನ ಗುಂಟವೇ ಕಾಲುವೆ ಹೋಗುವುದರಿಂದ ಕಡಿಯುವುದು ಕಡಿಮೆ.

ಒಂದು ಮಳೆಗಾಲಕ್ಕೆ ಎರಡೇ ಕಾಲುವೆ, ಎದುರು ಬದುರು. ಇನ್ನೆರಡು ಮುಂದಿನ ವರ್ಷ. ನಾಲ್ಕೂ ಒಟ್ಟಿಗೆ ತೋಡಿದರೆ ಗಿಡ ಸೊರಗುತ್ತದೆ. ಜಜ್ಜಿದ ಬೇರಿನ ತುದಿಯನ್ನು ಚೂಪು ಕತ್ತರಿಯಿಂದ ನೀಟಾಗಿ ಕತ್ತರಿಸಬೇಕು. ತುಂಬುವಾಗ ಮೇಲ್ಮಣ್ಣು ಮತ್ತು ಕೊಳೆತ ತಿಪ್ಪೆಗೊಬ್ಬರ ಬೆರೆಸಿ ಹಾಕಬೇಕು. ಕೆಳಗಿನಿಂದ ತೆಗೆದ ಗರಸನ್ನು ಮತ್ತೆ ಒಳಗೆ ತಳ್ಳಬಾರದು, ಅದನ್ನು ಬದುವಿಗೆ ಹಾಕಿ.

ಆಮೇಲೆ ಡ್ರಿಪ್ಪರ್ ಜಾಗ ಬದಲಿಸಬೇಕು. ಆ ತೋಟದಲ್ಲಿ ಡ್ರಿಪ್ಪರ್‌ಗಳು ಸಸಿ ನೆಟ್ಟಾಗ ಇದ್ದಂತೆ ಬುಡಕ್ಕೇ ಅಂಟಿಕೊಂಡಿದ್ದವು. ಬುಡದಲ್ಲಷ್ಟೇ ಹಸಿ ಇದ್ದರೆ ಬೇರು ಆಚೆ ಹೋಗುವ ಗೊಡವೆಗೆ ಹೋಗುವುದಿಲ್ಲ. ಅವನ್ನು ಹೊಸ ಕಾಲುವೆಗಳ ಮೇಲೆ, ಹಂದರದ ಅಂಚಿನ ಹತ್ತಿರ ಇಟ್ಟೆವು. ಮೊದಲ ತಿಂಗಳು ಒಂದನ್ನು ಬುಡದಿಂದ ಎರಡು ಅಡಿಗೆ ಉಳಿಸಿಕೊಂಡೆವು, ಏಕಾಏಕಿ ನೀರು ದೂರ ಹೋಗಬಾರದು.

ಎಲ್ಲಾ ಗಿಡಕ್ಕೂ ಈ ಕಷ್ಟ ಪಡಬೇಕಿಲ್ಲ. ಕಾಂಡವನ್ನು ಎರಡೂ ಕೈಯಿಂದ ಹಿಡಿದು ಅಲ್ಲಾಡಿಸಿ. ಮೇಲೆ ಬಾಗಿದರೂ ನೆಲದ ಮಟ್ಟದಲ್ಲಿ ಗಟ್ಟಿ ಇದ್ದರೆ ಉಳಿಸಬಹುದು. ಬುಡದ ಸುತ್ತ ಮಣ್ಣು ಬಿರುಕು ಬಿಟ್ಟು, ಇಡೀ ಗಿಡ ಗೂಟದಂತೆ ಅಲ್ಲಾಡಿದರೆ ಬೇರು ಸುರುಳಿ ಸುತ್ತಿಕೊಂಡಿದೆ ಅಂತ ಅರ್ಥ. ಅಂಥದ್ದನ್ನು ಕಿತ್ತು ಹೊಸದಾಗಿ ನೆಡುವುದೇ ಲಾಭ.

ಹೊಸದಾಗಿ ನೆಡುವವರಿಗೆ ಲೆಕ್ಕ

ಅಂತರದ ಲೆಕ್ಕ ನರ್ಸರಿಯ ಚೀಟಿಯಿಂದ ಶುರುವಾಗಬಾರದು. ನಿಮ್ಮಂಥದೇ ನೆಲದಲ್ಲಿ, ನಿಮ್ಮ ಊರ ಸುತ್ತ, ಹದಿನೈದು ವರ್ಷ ದಾಟಿದ ಅದೇ ಜಾತಿಯ ಮರ ಹುಡುಕಿ ಹಂದರ ಅಳೆಯಿರಿ. ಒಂದು ಕಡೆ 24, ಇನ್ನೊಂದು ಕಡೆ 20 ಬಂತು ಅನ್ನಿ. ಸರಾಸರಿ 22 ಅಡಿ.

ಡ್ರಿಪ್ ಇದ್ದರೆ ಬೆಳಕು ಮತ್ತು ಓಡಾಟ ನೋಡಿಕೊಂಡರೆ ಸಾಕು. ಸಾಲಿನೊಳಗೆ ಗಿಡದಿಂದ ಗಿಡಕ್ಕೆ 22ಕ್ಕೆ 2 ಅಡಿ ಸೇರಿಸಿ 24. ಸಾಲಿನಿಂದ ಸಾಲಿಗೆ ಟ್ರ್ಯಾಕ್ಟರ್ ಹೋಗಲು 8 ಅಡಿ ಸೇರಿಸಿ 30. ಗಿಡಕ್ಕೆ 720 ಚದರ ಅಡಿ, ಎಕರೆಗೆ 60 ಗಿಡ. ಸಾಲು ತೆಂಕಣ-ಬಡಗಣ ಇದ್ದರೆ ಬೆಳಿಗ್ಗೆ ಒಂದು ಮಗ್ಗುಲಿಗೆ, ಸಂಜೆ ಇನ್ನೊಂದು ಮಗ್ಗುಲಿಗೆ ಬಿಸಿಲು ಸಿಗುತ್ತದೆ.

ಮಳೆಯನ್ನೇ ನಂಬಿದ್ದರೆ ಬೇರಿನ ಲೆಕ್ಕ ಹಿಡಿಯಬೇಕು. ಬೇರು ಹಂದರದ ಒಂದೂವರೆ ಪಟ್ಟು ಹರಡುತ್ತದೆ ಅಂತ ಇಟ್ಟುಕೊಂಡರೆ 22ಕ್ಕೆ 33 ಅಡಿ. 33 ಅಡಿಗೆ 33 ಅಡಿ ಅಂದರೆ ಸರಿಯಾಗಿ ಒಂದು ಗುಂಟೆ. ಮರಕ್ಕೊಂದು ಗುಂಟೆ, ಎಕರೆಗೆ 40 ಮರ. ಮೊದಲ ಏಳೆಂಟು ವರ್ಷ ನಡುವೆ ಶೇಂಗಾ, ತೊಗರಿ, ಅಲಸಂದಿ ಹಾಕಿಕೊಂಡರೆ ಜಾಗ ಬರಿದಾಗಿ ಬೀಳುವುದಿಲ್ಲ.

ಬದುವಿನ ಮೇಲೆ ಮರ ಹಾಕುವವರು ಇನ್ನೊಂದು ಲೆಕ್ಕ ಸೇರಿಸಬೇಕು. ನಮ್ಮ ಸೀಮೆಯಲ್ಲಿ ಡಿಸೆಂಬರ್ ಹೊತ್ತಿಗೆ ಮಧ್ಯಾಹ್ನದ ಸೂರ್ಯ ತೆಂಕಣಕ್ಕೆ ವಾಲಿರುತ್ತಾನೆ. ಆಗ 20 ಅಡಿ ಎತ್ತರದ ಮರದ ನೆರಳು ಬಡಗಣಕ್ಕೆ ಸುಮಾರು 16 ಅಡಿ ಬೀಳುತ್ತದೆ. ಹಿಂಗಾರಿ ಜೋಳ, ಕಡಲೆ ನಿಂತಿರುವ ಕಾಲ ಅದು. ಹೊಲದ ತೆಂಕಣ ಬದುವಿನಲ್ಲಿ ಹಾಕಿದರೆ ನೆರಳು ನಿಮ್ಮ ಬೆಳೆ ಮೇಲೆ, ಬಡಗಣ ಬದುವಿನಲ್ಲಿ ಹಾಕಿದರೆ ಪಕ್ಕದವರ ಬೆಳೆ ಮೇಲೆ. ಜಗಳ ಬರುವ ಮೊದಲೇ ಯೋಚಿಸಿ.

ಗುಂಡಿಯ ಲೆಕ್ಕಕ್ಕೆ ಹೊಲದ ಮೇಲೆ, ನಡುವೆ, ಕೆಳಗೆ ಒಂದೊಂದು ಪರೀಕ್ಷೆಯ ಗುಂಡಿ ತೆಗೆಯಿರಿ, ಮೂರು ಅಡಿ ಆಳ. ನೀರು ತುಂಬಿಸಿ, ಅದು ಇಂಗಿದ ಮೇಲೆ ಎರಡನೇ ಸಲ ತುಂಬಿಸಿ, ಕಡ್ಡಿಗೆ ಗುರುತು ಮಾಡಿ ನಿಲ್ಲಿಸಿ. ಗಂಟೆಗೆ ಒಂದು ಇಂಚಿಗಿಂತ ಜಾಸ್ತಿ ಇಳಿದರೆ ಚಿಂತೆ ಇಲ್ಲ. ಅರ್ಧ ಇಂಚೂ ಇಳಿಯದಿದ್ದರೆ ಅಲ್ಲಿ ಆಳದ ಗುಂಡಿಯೇ ಅಪಾಯ.

ಆಳ ಮಸಾರಿಯಲ್ಲಿ ಎರಡು ಅಡಿ ಗುಂಡಿ ಸಾಕು. ಒಂದೂವರೆ ಅಡಿಗೇ ಗರಸು ಸಿಕ್ಕರೆ ಮೂರು ಅಡಿ ಆಳ, ನಾಲ್ಕು ಅಡಿ ಅಗಲ ತೆಗೆಯಿರಿ. ಇಲ್ಲಿ ಆಳಕ್ಕಿಂತ ಅಗಲದಿಂದ ಉಪಯೋಗ ಜಾಸ್ತಿ. ಜೆಸಿಬಿ ಹೇಗೂ ಬರುತ್ತದೆ ಅಂದರೆ ಬಿಡಿ ಗುಂಡಿಗಳ ಬದಲು ಸಾಲಿನುದ್ದಕ್ಕೂ ಮೂರು ಅಡಿ ಆಳದ ಕಾಲುವೆ ಹೊಡೆಸಿ. ಸಾಲಿನ ಎರಡು ದಿಕ್ಕಿಗೂ ಬೇರಿಗೆ ಗೋಡೆಯೇ ಇರುವುದಿಲ್ಲ. ಬೇಸಿಗೆಯಲ್ಲಿ ತೆಗೆದು ಒಣಗಲು ಬಿಡಿ. ಮೇಲ್ಮಣ್ಣು ಒಂದು ಕಡೆ, ಅಡಿಮಣ್ಣು ಒಂದು ಕಡೆ ಹಾಕಿ. ತುಂಬುವಾಗ ಮೇಲ್ಮಣ್ಣಿಗೆ ಗುಂಡಿಗೆ 20-25 ಕೆ.ಜಿ. ತಿಪ್ಪೆಗೊಬ್ಬರ ಸೇರಿಸಿ, ನೆಲಕ್ಕಿಂತ ಅರ್ಧ ಅಡಿ ಎತ್ತರ ತುಂಬಿ. ಎರಡು ಮಳೆಗೆ ಅದು ಕೂರುತ್ತದೆ, ಆಮೇಲೆ ಸಸಿ ಇಡಿ. ಮಣ್ಣು ಕೂರುವ ಮೊದಲೇ ನೆಟ್ಟರೆ ಸಸಿಯೂ ಜೊತೆಗೆ ಇಳಿದು ಕಸಿ ಗಂಟು ಮಣ್ಣೊಳಗೆ ಹೋಗುತ್ತದೆ.

ಕಪ್ಪು ಮಣ್ಣಿನ ಎರೆ ಹೊಲದ ಮಾತೇ ಬೇರೆ. ಸಿಂಧನೂರು, ಗಂಗಾವತಿ ಕಡೆಯ ಕಾಲುವೆ ನೀರಿನ ಎರೆಯಲ್ಲಿ ದೊಡ್ಡ ಗುಂಡಿ ತೆಗೆದು ಮರಳು, ಕೆಂಪು ಮಣ್ಣು ತುಂಬುವವರಿದ್ದಾರೆ. ಸುತ್ತಲಿನ ಎರೆ ನೀರು ಬಿಡುವುದಿಲ್ಲ, ನಡುವಿನ ಸಡಿಲ ಮಣ್ಣು ನೀರು ಎಳೆದುಕೊಳ್ಳುತ್ತದೆ. ಬೇರು ನೀರಲ್ಲಿ ನಿಂತು ಕೊಳೆಯುತ್ತದೆ. ಅನುಮಾನ ಬಂದರೆ ಗುಂಡಿಯ ತಳದ ಮಣ್ಣು ತೆಗೆದು ಮೂಸಿ. ಕೊಳೆತ ಮೊಟ್ಟೆಯ ವಾಸನೆ, ಬೂದು ನೀಲಿ ಬಣ್ಣ, ಎಳೆದರೆ ಸಿಪ್ಪೆ ಕಳಚಿ ಬರುವ ಕಪ್ಪು ಬೇರು ಕಂಡರೆ ಅದೇ ಕಾರಣ. ಅಲ್ಲಿ ಎರಡು ಅಡಿಗಿಂತ ಆಳ ಹೋಗದೆ, ಅದೇ ಎರೆಗೆ ಗೊಬ್ಬರ ಬೆರೆಸಿ ತುಂಬಿ, ಒಂದೂವರೆ ಅಡಿ ಎತ್ತರದ ದಿಬ್ಬದ ಮೇಲೆ ಸಸಿ ಕೂರಿಸಬೇಕು.

ಗರಸಿನ ಬದಲು ಹಾಸುಬಂಡೆ ಸಿಕ್ಕರೆ ಈ ಯಾವ ಮದ್ದೂ ನಡೆಯುವುದಿಲ್ಲ. ಗರಸು ಹಾರೆಗೆ ಚೂರು ಚೂರಾಗಿ ಏಳುತ್ತದೆ, ಬಂಡೆ ಕಿಡಿ ಹಾರಿಸುತ್ತದೆ. ಕಾಕಾನ ಹೊಲದ ಮೇಲಿನ ಮೂಲೆಯಲ್ಲಿ ಎರಡೇ ಅಡಿಗೆ ಬಂಡೆ ಸಿಕ್ಕಿತು. ಅಲ್ಲಿನ ಮಾವು ತೆಗೆದು ಅದೇ 15 ಅಡಿ ಅಂತರದಲ್ಲಿ ಸೀತಾಫಲ ಹಾಕಿಸಿದೆವು. ಅದರ ಹಂದರ ಅಷ್ಟು ದೊಡ್ಡದಾಗುವುದಿಲ್ಲ, ತೆಳು ಮಣ್ಣನ್ನೂ ತಡೆದುಕೊಳ್ಳುತ್ತದೆ.